ಹಳೆಯ ಟಿವಿಗೆ ಹೊಸ ಗೇಮ್ ಕನ್ಸೋಲ್ ಜೋಡಿಸುವುದು: ಮೊದಲ ಬಾರಿ ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

ಮನೆಯಲ್ಲಿರುವುದು ಹಳೆಯ ಟಿವಿ, ಕೊಳ್ಳಬೇಕೆಂದಿರುವುದು ಹೊಸ ಗೇಮ್ ಕನ್ಸೋಲ್ ಎಂದಾದರೆ, ಹಣ ಕೊಡುವ ಮೊದಲು ಟಿವಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಅದರ ಹಿಂಭಾಗವನ್ನು ನೋಡಬೇಕು. ಯಾವ ಕನ್ಸೋಲ್ ಕೊಳ್ಳಬಹುದು, ಅದರ ಜೊತೆಗೆ ಇನ್ನೇನು ಬೇಕಾಗುತ್ತದೆ, ಚಿತ್ರ ಎಷ್ಟು ಚೆನ್ನಾಗಿ ಮೂಡಬಹುದು ಎಂಬುದೆಲ್ಲ ಅಲ್ಲಿರುವ ಕಿಂಡಿಗಳ ಮೇಲೆ ನಿಂತಿದೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಮೊದಲ್ಗೊಂಡು ಈಚಿನ ಕನ್ಸೋಲ್‌ಗಳಲ್ಲಿ ಟಿವಿಗೆ ಚಿತ್ರ ಕಳಿಸಲು ಇರುವುದು ಎಚ್‌ಡಿಎಂಐ ಕಿಂಡಿ ಮಾತ್ರ. ಪಿಕ್ಚರ್ ಟ್ಯೂಬ್ ಇರುವ ಹಳೆಯ ಟಿವಿಗಳಲ್ಲಿ ಸಾಮಾನ್ಯವಾಗಿ ಇರುವುದು ಹಳದಿ, ಬಿಳಿ, ಕೆಂಪು ಬಣ್ಣದ ಮೂರು ದುಂಡಗಿನ ಎವಿ ಕಿಂಡಿಗಳು. ಈ ಎರಡನ್ನು ನೇರವಾಗಿ ಸೇರಿಸುವ ಕೇಬಲ್ ಇಲ್ಲ. ನಡುವೆ ಒಂದು ಕನ್ವರ್ಟರ್ ಬೇಕೇ ಬೇಕು, ಮತ್ತು ಬಹುತೇಕ ತೊಂದರೆಗಳು ಹುಟ್ಟುವುದೂ ಆ ಪುಟ್ಟ ಪೆಟ್ಟಿಗೆಯ ಸುತ್ತಲೇ.

ಈ ಬರಹದಲ್ಲಿ ಒಂದೇ ಜೋಡಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಕನ್ಸೋಲ್ ಪ್ಲೇಸ್ಟೇಷನ್ 4. ಟಿವಿ 21 ಇಂಚಿನ, ಪಿಕ್ಚರ್ ಟ್ಯೂಬ್ ಇರುವ, 4:3 ಆಕಾರದ್ದು, ಅಂದರೆ ಅಗಲ ನಾಲ್ಕು ಭಾಗವಾದರೆ ಎತ್ತರ ಮೂರು ಭಾಗ. ಕೋಣೆ ಚಿಕ್ಕದು, ಮಲಗುವುದಕ್ಕೂ ಕೂರುವುದಕ್ಕೂ ಅದೇ. ಬೇರೆ ಕನ್ಸೋಲ್‌ಗಳಲ್ಲಿ ಮೆನುವಿನ ಹೆಸರುಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

## ಕೊಳ್ಳುವ ಮೊದಲು: ಕಿಂಡಿಗಳನ್ನು ಗುರುತಿಸುವುದು

ಟಿವಿಯ ಹಿಂಭಾಗವನ್ನಷ್ಟೇ ಅಲ್ಲದೆ ಪಕ್ಕ ಮತ್ತು ಮುಂಭಾಗವನ್ನೂ ನೋಡಿ. ಅನೇಕ ಹಳೆಯ ಟಿವಿಗಳಲ್ಲಿ ಎರಡನೆಯ ಎವಿ ಕಿಂಡಿಗಳು ಮುಂಭಾಗದ ಪುಟ್ಟ ಮುಚ್ಚಳದ ಹಿಂದೆ ಅಡಗಿರುತ್ತವೆ. ಹಳದಿ ಕಿಂಡಿ ಚಿತ್ರಕ್ಕೆ, ಬಿಳಿ ಎಡಬದಿಯ ಧ್ವನಿಗೆ, ಕೆಂಪು ಬಲಬದಿಯ ಧ್ವನಿಗೆ. ಕಿಂಡಿಗಳ ಬಳಿ "ಇನ್" ಎಂದು ಬರೆದಿದೆಯೇ "ಔಟ್" ಎಂದು ಬರೆದಿದೆಯೇ ಎಂಬುದನ್ನು ಗಮನಿಸಿ. ಕೆಲವು ಟಿವಿಗಳಲ್ಲಿ ಎರಡೂ ಜೋಡಿಗಳಿದ್ದು, ನೋಡಲು ಒಂದೇ ರೀತಿ ಕಾಣುತ್ತವೆ. ನಮಗೆ ಬೇಕಾದದ್ದು ಇನ್.

ಟಿವಿ ಚಪ್ಪಟೆಯಾದ ಹಳೆಯ ಎಲ್‌ಸಿಡಿ ಆಗಿದ್ದರೆ ಇನ್ನೂ ಎರಡು ಸಾಧ್ಯತೆಗಳಿವೆ. ಅದರಲ್ಲಿ ಎಚ್‌ಡಿಎಂಐ ಇದ್ದರೆ ಈ ಬರಹದ ಹೆಚ್ಚಿನ ಭಾಗ ನಿಮಗೆ ಬೇಕಿಲ್ಲ. ಕನ್ಸೋಲ್ ಜೊತೆಗೆ ಬಂದ ಕೇಬಲ್ ಸಾಕು. ಎಚ್‌ಡಿಎಂಐ ಇಲ್ಲದೆ, ಕಂಪ್ಯೂಟರ್ ಮಾನಿಟರ್‌ಗೆ ಹಾಕುವಂಥ ಹದಿನೈದು ರಂಧ್ರಗಳ ವಿಜಿಎ ಕಿಂಡಿ ಇದ್ದರೆ, ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ, ಧ್ವನಿಗೆ ಬೇರೆ ಕಿಂಡಿ ಇರುವ ಅಡಾಪ್ಟರ್ ಕೊಳ್ಳಿ. ಎವಿ ಕಿಂಡಿಯಿಂದ ಬರುವ ಚಿತ್ರಕ್ಕಿಂತ ವಿಜಿಎಯಿಂದ ಬರುವ ಚಿತ್ರ ಎಷ್ಟೋ ಸ್ಪಷ್ಟವಾಗಿರುತ್ತದೆ. ಎರಡೂ ಇರುವಾಗ ಎವಿಯನ್ನು ಆರಿಸಿಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಟಿವಿಯಲ್ಲಿ ಆಂಟೆನಾ ಕಿಂಡಿ ಬಿಟ್ಟು ಬೇರೇನೂ ಇಲ್ಲದಿದ್ದರೆ ಕನ್ವರ್ಟರ್‌ನ ಮುಂದೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಇನ್ನೊಂದು ಪೆಟ್ಟಿಗೆ ಬೇಕು. ಚಿತ್ರ ಇನ್ನಷ್ಟು ಮಸುಕಾಗುವುದರಿಂದ, ಹೊಸ ಕನ್ಸೋಲ್‌ಗಾಗಿ ಆ ದಾರಿಯನ್ನು ನಾನು ಸಲಹೆ ಮಾಡುವುದಿಲ್ಲ.

ಕಿಂಡಿಗಳನ್ನು ಗುರುತಿಸಿದ ಮೇಲೆ, ಅವು ಕೆಲಸ ಮಾಡುತ್ತಿವೆಯೇ ಎಂದು ಪರೀಕ್ಷಿಸಿ. ಡಿವಿಡಿ ಪ್ಲೇಯರ್ ಅಥವಾ ಎವಿ ಕಿಂಡಿ ಇರುವ ಸೆಟ್‌ಟಾಪ್ ಬಾಕ್ಸ್ ಸಿಕ್ಕರೆ ಅದನ್ನು ಅದೇ ಮೂರು ಕಿಂಡಿಗಳಿಗೆ ಸಿಕ್ಕಿಸಿ, ರಿಮೋಟ್‌ನಲ್ಲಿ ಎವಿ ಗುಂಡಿ ಒತ್ತಿ, ಬಣ್ಣದ ಚಿತ್ರ ಮತ್ತು ಎರಡೂ ಬದಿಯ ಧ್ವನಿ ಬರುತ್ತವೆಯೇ ನೋಡಿ. ವರ್ಷಗಟ್ಟಲೆ ಬಳಸದ ಕಿಂಡಿಗಳು ಸಡಿಲವಾಗಿರುವುದು, ತುಕ್ಕು ಹಿಡಿದಿರುವುದು ಸಾಮಾನ್ಯ. ಇದನ್ನು ಮೊದಲೇ ತಿಳಿದುಕೊಂಡರೆ, ಮುಂದೆ ಚಿತ್ರ ಬಾರದಿದ್ದಾಗ ಹೊಸ ಕನ್ಸೋಲ್ ಮೇಲೆ ಸಂಶಯ ಪಡುವ ಅಗತ್ಯ ಬೀಳುವುದಿಲ್ಲ. ಹಳೆಯ ರಿಮೋಟ್ ಕಳೆದುಹೋಗಿದ್ದರೆ ಈಗಲೇ ಒಂದನ್ನು ಹೊಂದಿಸಿಕೊಳ್ಳಿ, ಏಕೆಂದರೆ ಕೆಲವು ಟಿವಿಗಳಲ್ಲಿ ರಿಮೋಟ್ ಇಲ್ಲದೆ ಎವಿಗೆ ಹೋಗುವುದೇ ಕಷ್ಟ.

ಕನ್ಸೋಲ್ ಆರಿಸುವಾಗಲೂ ಒಂದು ಎಚ್ಚರಿಕೆ ಬೇಕು. ನಿಂಟೆಂಡೊ ಸ್ವಿಚ್ ಲೈಟ್ ಎಂಬ ಮಾದರಿಯನ್ನು ಯಾವ ಟಿವಿಗೂ ಜೋಡಿಸಲಾಗದು. ಅದನ್ನು ಕೈಯಲ್ಲೇ ಹಿಡಿದು ಆಡಬೇಕು. ಟಿವಿಗೆ ಜೋಡಿಸಬಹುದಾದ ನಿಂಟೆಂಡೊ ಸ್ವಿಚ್‌ಗೆ ಹೆಸರು ಹತ್ತಿರವಿರುವುದರಿಂದ ಮೊದಲ ಬಾರಿ ಕೊಳ್ಳುವವರು ಇದನ್ನು ಗಮನಿಸದೆ ಹೋಗುವುದುಂಟು. ಇನ್ನೊಂದೆಡೆ, ಪ್ಲೇಸ್ಟೇಷನ್ 3ಕ್ಕೆ ಎಚ್‌ಡಿಎಂಐ ಜೊತೆಗೆ ತನ್ನದೇ ಎವಿ ಕಿಂಡಿಯೂ ಇದೆ. ಹಳೆಯ ಆಟಗಳೇ ಸಾಕೆನ್ನುವವರಿಗೆ, ಒಳ್ಳೆಯ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಕನ್ಸೋಲ್ ಸಿಗುವುದಾದರೆ, ಕನ್ವರ್ಟರ್ ಇಲ್ಲದೆಯೇ ಕೆಲಸ ಮುಗಿಯುತ್ತದೆ.

## ಕನ್ವರ್ಟರ್ ಕೊಳ್ಳುವಾಗ

ಕನ್ವರ್ಟರ್‌ಗಳು ಎರಡು ದಿಕ್ಕಿನವು. ಒಂದು ಎಚ್‌ಡಿಎಂಐಯನ್ನು ಎವಿಗೆ ಬದಲಿಸುತ್ತದೆ, ಇನ್ನೊಂದು ಎವಿಯನ್ನು ಎಚ್‌ಡಿಎಂಐಗೆ. ಎರಡಕ್ಕೂ ಅದೇ ಅಳತೆಯ ಪೆಟ್ಟಿಗೆ, ಅವೇ ಕಿಂಡಿಗಳು ಇರುತ್ತವೆ. ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಪೆಟ್ಟಿಗೆಯ ಎಚ್‌ಡಿಎಂಐ ಕಿಂಡಿಯ ಬಳಿ "ಇನ್" ಎಂದೂ ಮೂರು ಬಣ್ಣದ ಕಿಂಡಿಗಳ ಬಳಿ "ಔಟ್" ಎಂದೂ ಇದ್ದರೆ ಅದು ನಮಗೆ ಬೇಕಾದದ್ದು. ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಪಿನ್‌ಗಳಿದ್ದು ನಡುವೆ ಪೆಟ್ಟಿಗೆಯೂ ಇಲ್ಲದ, ವಿದ್ಯುತ್ ಕೊಡುವ ತಂತಿಯೂ ಇಲ್ಲದ ಬರಿಯ ಕೇಬಲ್‌ಗಳೂ ಮಾರಾಟಕ್ಕಿರುತ್ತವೆ. ಅವುಗಳಿಂದ ಪ್ಲೇಸ್ಟೇಷನ್ 4ರ ಚಿತ್ರ ಬರುವುದಿಲ್ಲ. ಕನ್ಸೋಲ್ ಕಳಿಸುವುದು ಡಿಜಿಟಲ್ ಸಂಕೇತ, ಟಿವಿಗೆ ಅರ್ಥವಾಗುವುದು ಅನಲಾಗ್ ಸಂಕೇತ. ಒಂದನ್ನು ಇನ್ನೊಂದಾಗಿ ಬದಲಿಸಲು ಚಿಪ್ ಬೇಕು, ಚಿಪ್‌ಗೆ ವಿದ್ಯುತ್ ಬೇಕು.

ಆದ್ದರಿಂದ ಯುಎಸ್‌ಬಿ ಮೂಲಕ 5 ವೋಲ್ಟ್ ವಿದ್ಯುತ್ ಪಡೆಯುವ, ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಎರಡು ಟಿವಿ ಪದ್ಧತಿಗಳ ನಡುವೆ ಬದಲಿಸುವ ಸಣ್ಣ ಸ್ವಿಚ್ ಇರುವ ಕನ್ವರ್ಟರ್ ಆರಿಸಿ. ಆ ಸ್ವಿಚ್ ಏಕೆ ಮುಖ್ಯ ಎಂಬುದು ಮುಂದೆ ತಿಳಿಯುತ್ತದೆ. 16:9 ಚಿತ್ರವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ತೋರಿಸುವ ಸೌಲಭ್ಯವೂ ಇದ್ದರೆ ಒಳ್ಳೆಯದು, ಆದರೆ ಅದು ಎಲ್ಲದರಲ್ಲಿ ಇರುವುದಿಲ್ಲ.

## ಸ್ಥಳ ಮತ್ತು ಸುರಕ್ಷತೆ

ಚಿಕ್ಕ ಕೋಣೆಯಲ್ಲಿ ಕನ್ಸೋಲನ್ನು ಟಿವಿಯ ತಲೆಯ ಮೇಲೆ ಇಡುವ ಆಸೆ ಸಹಜ. ಹಾಗೆ ಮಾಡಬೇಡಿ. ಪಿಕ್ಚರ್ ಟ್ಯೂಬ್ ಟಿವಿಯ ಶಾಖ ಮೇಲ್ಭಾಗದ ಸೀಳುಗಳ ಮೂಲಕ ಹೊರಬರುತ್ತದೆ. ಕನ್ಸೋಲ್ ಆ ಸೀಳುಗಳನ್ನು ಮುಚ್ಚುವುದಲ್ಲದೆ ಬಿಸಿ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತದೆ. ಟಿವಿಯ ಪಕ್ಕದಲ್ಲಿ, ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರದಲ್ಲಿ, ಬಟ್ಟೆ ಹಾಸದ ಗಟ್ಟಿಯಾದ ಹಲಗೆಯ ಮೇಲೆ ಇಡಿ. ಬಾಗಿಲು ಮುಚ್ಚುವ ಕಪಾಟು ಬೇಡ.

ಟಿವಿಯನ್ನು ಸರಿಸುವಾಗ ಅದರ ಭಾರವೆಲ್ಲ ಗಾಜಿನ ಬದಿಯಲ್ಲಿರುತ್ತದೆ ಎಂಬುದನ್ನು ನೆನಪಿಡಿ; ಇಬ್ಬರು ಸೇರಿ, ಗಾಜು ಎದೆಯ ಕಡೆಗಿರುವಂತೆ ಹಿಡಿಯಿರಿ. ಕಿಂಡಿ ಸಡಿಲವಾಗಿದೆಯೆಂದು ಹಿಂದಿನ ಮುಚ್ಚಳವನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಆ ಕೆಲಸ ಟಿವಿ ಮೆಕ್ಯಾನಿಕ್‌ನದು.

ಎವಿ ಕೇಬಲ್ ಒಂದೂವರೆ ಮೀಟರ್‌ನಷ್ಟಿದ್ದರೆ ಸಾಕು. ಅದನ್ನು ವಿದ್ಯುತ್ ತಂತಿಗಳ ಜೊತೆ ಒಟ್ಟಿಗೆ ಸುತ್ತಿ ಕಟ್ಟಿದರೆ ಚಿತ್ರದಲ್ಲಿ ಓರೆ ಗೆರೆಗಳು, ಧ್ವನಿಯಲ್ಲಿ ಗುಂಯ್‌ಗುಡುವ ಸದ್ದು ಬರಬಹುದು. ಎರಡನ್ನೂ ಬೇರೆ ಬೇರೆ ಬದಿಯಲ್ಲಿ ಹಾಯಿಸಿ.

## ಮೊದಲ ಸೆಟಪ್: ಸಾಧ್ಯವಾದರೆ ಬೇರೆ ಪರದೆಯಲ್ಲಿ

ಹೊಸ ಕನ್ಸೋಲ್ ಮೊದಲ ಸಲ ಆನ್ ಆದಾಗ ಭಾಷೆ, ವೈಫೈ, ಖಾತೆ ಎಂದು ಸಣ್ಣ ಅಕ್ಷರಗಳಲ್ಲಿ ಹಲವು ಪ್ರಶ್ನೆಗಳನ್ನು ಕೇಳುತ್ತದೆ. ಹಳೆಯ ಟಿವಿಯಲ್ಲಿ ಆ ಅಕ್ಷರಗಳನ್ನು ಓದುವುದು ತುಂಬ ಕಷ್ಟ. ನೆರೆಯವರಲ್ಲೋ ಗೆಳೆಯರಲ್ಲೋ ಎಚ್‌ಡಿಎಂಐ ಇರುವ ಟಿವಿ ಅಥವಾ ಮಾನಿಟರ್ ಇದ್ದರೆ, ಮೊದಲ ಅರ್ಧ ಗಂಟೆಯ ಕೆಲಸವನ್ನು ಅಲ್ಲಿ ಮುಗಿಸಿಕೊಳ್ಳುವುದು ಜಾಣತನ. ಸೆಟಪ್ ಮುಗಿದ ಮೇಲೆ ಅಲ್ಲಿಯೇ ಮೂರು ಆಯ್ಕೆಗಳನ್ನು ಬದಲಿಸಿ.

ಮೊದಲನೆಯದು ರೆಸಲ್ಯೂಶನ್, ಅಂದರೆ ಚಿತ್ರದಲ್ಲಿ ಎಷ್ಟು ಗೆರೆಗಳಿರಬೇಕು ಎಂಬುದು. Settings > Sound and Screen > Video Output Settings > Resolution ಎಂಬಲ್ಲಿಗೆ ಹೋಗಿ Automatic ಬದಲು 720p ಆರಿಸಿ. ಕನ್ವರ್ಟರ್ ಎಷ್ಟೇ ಆದರೂ ಕೊನೆಗೆ ಟಿವಿಗೆ ಕಳಿಸುವುದು ಎನ್‌ಟಿಎಸ್‌ಸಿಯಲ್ಲಿ 480, ಪಾಲ್‌ನಲ್ಲಿ 576 ಗೆರೆಗಳ ಚಿತ್ರ. 1080 ಗೆರೆಗಳನ್ನು ಕೊಟ್ಟರೆ ಅದು ಇನ್ನೂ ಹೆಚ್ಚು ಕುಗ್ಗಿಸಬೇಕಾಗುತ್ತದೆಯೇ ಹೊರತು ಚಿತ್ರ ಉತ್ತಮವಾಗುವುದಿಲ್ಲ.

ಎರಡನೆಯದು ಧ್ವನಿ. Settings > Sound and Screen > Audio Output Settings > Audio Format (Priority) ಎಂಬಲ್ಲಿ Linear PCM ಇರಲಿ. ಬಿಟ್‌ಸ್ಟ್ರೀಮ್ ಎಂಬ ಉಳಿದ ಆಯ್ಕೆಗಳನ್ನು ಸಾಮಾನ್ಯ ಕನ್ವರ್ಟರ್ ಬಿಡಿಸಿ ಓದಲಾರದು. ಆಗ ಚಿತ್ರ ಬಂದರೂ ಧ್ವನಿ ಬರುವುದಿಲ್ಲ, ಇಲ್ಲವೇ ಕರಕರ ಸದ್ದು ಬರುತ್ತದೆ.

ಮೂರನೆಯದು ಎಚ್‌ಡಿಸಿಪಿ. ಇದು ನಕಲು ತಡೆಯುವ ಬೀಗ. ಕನ್ಸೋಲ್ ಮತ್ತು ಟಿವಿ ಪರಸ್ಪರ ಒಪ್ಪದಿದ್ದರೆ ಚಿತ್ರ ಕಪ್ಪಾಗುತ್ತದೆ. Settings > System ಒಳಗೆ Enable HDCP ಎಂಬುದರ ಗುರುತು ತೆಗೆಯಿರಿ. ಆಟಗಳು ಎಂದಿನಂತೆ ನಡೆಯುತ್ತವೆ, ಆದರೆ ಸಿನಿಮಾ ನೋಡುವ ಆ್ಯಪ್‌ಗಳು ಆಗ ಕೆಲಸ ಮಾಡುವುದಿಲ್ಲ. ಕೆಲವು ಕನ್ವರ್ಟರ್‌ಗಳು ಬೀಗ ಇದ್ದಾಗಲೂ ಚಿತ್ರ ಕೊಡುತ್ತವೆ. ಎಲ್ಲ ಸರಿಹೋದ ಮೇಲೆ ಬೇಕಿದ್ದರೆ ಮತ್ತೆ ಆನ್ ಮಾಡಿ ಪರೀಕ್ಷಿಸಬಹುದು. ಪ್ಲೇಸ್ಟೇಷನ್ 5ರಲ್ಲಿ ಇದೇ ಆಯ್ಕೆ Settings > System > HDMI ಒಳಗಿದೆ.

ಬೇರೆ ಪರದೆ ಸಿಗದೆ ನೇರವಾಗಿ ಹಳೆಯ ಟಿವಿಯಲ್ಲೇ ಸೆಟಪ್ ಮಾಡಬೇಕಾಗಿ ಬಂದರೆ, ಟಿವಿಯ ಹತ್ತಿರ ಕುಳಿತು ಮಾಡಿ, ಮತ್ತು ಸಾಧ್ಯವಾದ ಕೂಡಲೇ Settings > Accessibility ಒಳಗೆ ದೊಡ್ಡ ಅಕ್ಷರ, ದಪ್ಪ ಅಕ್ಷರ ಮತ್ತು Zoom ಆಯ್ಕೆಗಳನ್ನು ಆನ್ ಮಾಡಿಕೊಳ್ಳಿ.

## ಜೋಡಣೆ

ಟಿವಿ ಮತ್ತು ಕನ್ಸೋಲ್ ಎರಡರ ಪ್ಲಗ್‌ಗಳನ್ನೂ ಕಿತ್ತಿಟ್ಟು ಆರಂಭಿಸಿ. ಮೊದಲು ಎವಿ ಕೇಬಲ್‌ನ ಮೂರು ಪಿನ್‌ಗಳನ್ನು ಟಿವಿಯ ಕಿಂಡಿಗಳಿಗೆ ಬಣ್ಣಕ್ಕೆ ಬಣ್ಣ ಹೊಂದಿಸಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕನ್ವರ್ಟರ್‌ಗೆ ಹಾಗೆಯೇ ಜೋಡಿಸಿ. ಬಳಿಕ ಕನ್ಸೋಲ್‌ನ ಎಚ್‌ಡಿಎಂಐ ಕೇಬಲನ್ನು ಕನ್ವರ್ಟರ್‌ಗೆ ಹಾಕಿ. ಕೊನೆಯಲ್ಲಿ ಕನ್ವರ್ಟರ್‌ನ ಯುಎಸ್‌ಬಿ ತಂತಿಯನ್ನು ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿ. 5 ವೋಲ್ಟ್, 1 ಆಂಪಿಯರ್ ಎಂದು ಬರೆದಿರುವ ಸಾಧಾರಣ ಚಾರ್ಜರ್ ಸಾಕು. ಕನ್ಸೋಲ್‌ನ ಯುಎಸ್‌ಬಿ ಕಿಂಡಿಯಿಂದಲೂ ವಿದ್ಯುತ್ ಕೊಡಬಹುದು, ಆದರೆ ಕಂಟ್ರೋಲರ್ ಚಾರ್ಜ್ ಮಾಡಲು ಆ ಕಿಂಡಿ ಬೇಕಾಗುತ್ತದೆ. ಅಲ್ಲದೆ ದೋಷ ಹುಡುಕುವಾಗ ಕನ್ವರ್ಟರ್‌ಗೆ ತನ್ನದೇ ವಿದ್ಯುತ್ ಇರುವುದು ಅನುಕೂಲ.

ಈಗ ಟಿವಿಯನ್ನು ಮಾತ್ರ ಆನ್ ಮಾಡಿ ಎವಿಗೆ ಹೋಗಿ. ಎವಿ 1, ಎವಿ 2 ಎಂದು ಎರಡಿದ್ದರೆ ಒಂದೊಂದನ್ನೂ ನೋಡಿ. ಕನ್ವರ್ಟರ್‌ಗೆ ವಿದ್ಯುತ್ ಕೊಟ್ಟಾಗ, ಕನ್ಸೋಲ್ ಇನ್ನೂ ಆಫ್ ಇದ್ದರೂ, ಅನೇಕ ಕನ್ವರ್ಟರ್‌ಗಳು ತಾವಾಗಿಯೇ ಒಂದು ನೀಲಿ ಪರದೆಯನ್ನೋ ಬಣ್ಣದ ಪಟ್ಟಿಗಳನ್ನೋ ತೋರಿಸುತ್ತವೆ. ಇದು ಬಹಳ ಉಪಯುಕ್ತ ಸೂಚನೆ. ಕೆಲವು ಟಿವಿಗಳು ಸಂಕೇತವಿಲ್ಲದಾಗಲೂ ನೀಲಿ ಪರದೆ ತೋರಿಸುವುದರಿಂದ, ಚಾರ್ಜರ್ ಕಿತ್ತು ಮತ್ತೆ ಹಾಕಿ ನೋಡಿ: ಪರದೆಯಲ್ಲಿ ಬದಲಾವಣೆ ಕಂಡರೆ ಆ ಚಿತ್ರ ಕನ್ವರ್ಟರ್‌ನದೇ, ಅಂದರೆ ಕನ್ವರ್ಟರ್‌ನಿಂದ ಟಿವಿಯವರೆಗಿನ ಅರ್ಧ ದಾರಿ ಸರಿಯಾಗಿದೆ. ಇದಾದ ಮೇಲೆ ಕನ್ಸೋಲ್ ಆನ್ ಮಾಡಿ.

## ಪಾಲ್ ಮತ್ತು ಎನ್‌ಟಿಎಸ್‌ಸಿ ಸ್ವಿಚ್

ಇಡೀ ಜೋಡಣೆಯಲ್ಲಿ ಅತ್ಯಂತ ಹೆಚ್ಚು ವ್ಯತ್ಯಾಸ ಮಾಡುವುದು ಈ ಸ್ವಿಚ್ ಎಂದು ನನ್ನ ಅಭಿಪ್ರಾಯ. ಆದರೂ ಬಹಳ ಮಂದಿ ಚಿತ್ರ ಬಂದ ಕೂಡಲೇ ಅದನ್ನು ಮರೆತುಬಿಡುತ್ತಾರೆ. ಪಾಲ್ ಪದ್ಧತಿಯ ಟಿವಿ ಪರದೆಯನ್ನು ಸೆಕೆಂಡಿಗೆ 50 ಸಲ ತುಂಬುತ್ತದೆ, ಎನ್‌ಟಿಎಸ್‌ಸಿ ಪದ್ಧತಿಯದು ಸುಮಾರು 60 ಸಲ. ಕನ್ಸೋಲ್ 720p ಚಿತ್ರವನ್ನು ಕಳಿಸುವುದು ಸೆಕೆಂಡಿಗೆ 60ರ ಲೆಕ್ಕದಲ್ಲಿ. ಸ್ವಿಚ್ ಪಾಲ್‌ನಲ್ಲಿದ್ದರೆ ಕನ್ವರ್ಟರ್ ಪ್ರತಿ ಸೆಕೆಂಡಿಗೆ ಹತ್ತು ಚಿತ್ರಗಳನ್ನು ಕೈಬಿಡಬೇಕಾಗುತ್ತದೆ. ನಿಂತ ದೃಶ್ಯದಲ್ಲಿ ಇದು ತಿಳಿಯುವುದಿಲ್ಲ. ಆದರೆ ಕಾರಿನ ಆಟದಲ್ಲಿ ರಸ್ತೆ ತಿರುಗುವಾಗ, ಅಥವಾ ದೃಶ್ಯ ಎಡದಿಂದ ಬಲಕ್ಕೆ ಸರಿಯುವಾಗ, ಒಂದೇ ಲಯದಲ್ಲಿ ತಡವರಿಸಿದಂತೆ ಕಾಣುತ್ತದೆ. ಕನ್ಸೋಲ್ ನಿಧಾನವಾಗಿದೆ ಎಂದು ಅನೇಕರು ಅಂದುಕೊಳ್ಳುವುದು ಇದನ್ನೇ.

ಆದ್ದರಿಂದ ನಿಮ್ಮದು ಪಾಲ್ ಟಿವಿಯೇ ಆಗಿದ್ದರೂ ಮೊದಲು ಎನ್‌ಟಿಎಸ್‌ಸಿಗೆ ಹಾಕಿ ನೋಡಿ. ಈಚಿನ ಕಾಲದ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಹಲವು, ಎವಿ ಕಿಂಡಿಯ ಮೂಲಕ ಎರಡೂ ಪದ್ಧತಿಗಳನ್ನು ಒಪ್ಪುತ್ತವೆ. ಬಣ್ಣದ, ಸ್ಥಿರವಾದ ಚಿತ್ರ ಬಂದರೆ ಹಾಗೆಯೇ ಬಿಡಿ. ಚಿತ್ರ ಸ್ಥಿರವಾಗಿದ್ದು ಕಪ್ಪು ಬಿಳುಪಾಗಿದ್ದರೆ, ಟಿವಿಗೆ ಆ ವೇಗ ಒಗ್ಗಿದೆ, ಬಣ್ಣದ ಪದ್ಧತಿ ಒಗ್ಗಿಲ್ಲ ಎಂದರ್ಥ; ಟಿವಿಯ ಮೆನುವಿನಲ್ಲಿ ಬಣ್ಣದ ಪದ್ಧತಿ ಎಂಬ ಆಯ್ಕೆ ಇದ್ದರೆ ಅದನ್ನು ಆಟೊ ಅಥವಾ ಎನ್‌ಟಿಎಸ್‌ಸಿಗೆ ಬದಲಿಸಿ ನೋಡಿ. ಚಿತ್ರ ಮೇಲಿನಿಂದ ಕೆಳಕ್ಕೆ ಉರುಳುತ್ತಲೇ ಇದ್ದರೆ ಆ ಟಿವಿಗೆ ಪಾಲ್ ಮಾತ್ರ ಗೊತ್ತು. ಸ್ವಿಚ್ಚನ್ನು ಪಾಲ್‌ಗೆ ಸರಿಸಿ, ಆ ತಡವರಿಕೆಗೆ ಒಗ್ಗಿಕೊಳ್ಳಬೇಕಾಗುತ್ತದೆ.

## ಆಕಾರ ಮತ್ತು ಅಕ್ಷರ

ಕನ್ಸೋಲ್ ಚಿತ್ರದ ಆಕಾರ 16:9, ಟಿವಿಯದು 4:3. ಸಾಧಾರಣ ಕನ್ವರ್ಟರ್ ಅಗಲವಾದ ಚಿತ್ರವನ್ನು ಎರಡೂ ಬದಿಯಿಂದ ಒತ್ತಿ ಕೂರಿಸುವುದರಿಂದ ಮನುಷ್ಯರು ಉದ್ದವಾಗಿ, ಸಪೂರವಾಗಿ, ಗಾಲಿಗಳು ಮೊಟ್ಟೆಯಾಕಾರದಲ್ಲಿ ಕಾಣುತ್ತವೆ. ಟಿವಿಯ ಮೆನುವಿನಲ್ಲಿ 16:9 ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದು ಆಕಾರ ಸರಿಯಾಗುತ್ತದೆ. ಆ ಆಯ್ಕೆ ಇಲ್ಲದಿದ್ದರೆ ಒತ್ತಿದ ಚಿತ್ರದಲ್ಲೇ ಆಡಬೇಕು. ಕಣ್ಣು ಇದಕ್ಕೆ ಬೇಗ ಹೊಂದಿಕೊಳ್ಳುತ್ತದೆ.

ಚಿತ್ರದ ಅಂಚುಗಳು ಪರದೆಯ ಚೌಕಟ್ಟಿನ ಹಿಂದೆ ಅಡಗುವುದು ಹಳೆಯ ಟಿವಿಗಳ ಸ್ವಭಾವ. ಆಟದಲ್ಲಿ ಮೂಲೆಯಲ್ಲಿರುವ ನಕ್ಷೆ, ಪ್ರಾಣದ ಪಟ್ಟಿ, ಅಂಕಗಳು ಇದರಿಂದ ಕಾಣದಾಗುತ್ತವೆ. Settings > Sound and Screen > Display Area Settings ತೆರೆದು, ಅಲ್ಲಿ ತೋರಿಸುವ ಚೌಕಟ್ಟು ಪೂರ್ತಿ ಕಾಣುವವರೆಗೆ ಚಿತ್ರವನ್ನು ಕುಗ್ಗಿಸಿ.

ಅಕ್ಷರಗಳ ವಿಷಯದಲ್ಲಿ ಮಾತ್ರ ಪೂರ್ತಿ ಪರಿಹಾರವಿಲ್ಲ. 1080 ಗೆರೆಗಳ ಪರದೆಗಾಗಿ ಬರೆದ ಸಣ್ಣ ಅಕ್ಷರ 480 ಗೆರೆಗಳಲ್ಲಿ ಕರಗಿಹೋಗುತ್ತದೆ, ತೆಳು ಗೆರೆಗಳು ಮಿನುಗುತ್ತವೆ. ಆಟದ ಸ್ವಂತ ಮೆನುವಿನಲ್ಲಿ ಅಡಿಬರಹದ ಗಾತ್ರ ಹೆಚ್ಚಿಸುವ ಆಯ್ಕೆ ಇದ್ದರೆ ಬಳಸಿ. Zoom ಆನ್ ಮಾಡಿದ್ದರೆ ಪಿಎಸ್ ಗುಂಡಿಯ ಜೊತೆ ಚೌಕದ ಗುಂಡಿ ಒತ್ತಿದಾಗ ಚಿತ್ರ ದೊಡ್ಡದಾಗುತ್ತದೆ. ಆದ್ದರಿಂದ ಮೊದಲು ಕೊಳ್ಳುವ ಆಟಗಳು ಕಾರು ಓಟ, ಫುಟ್‌ಬಾಲ್, ಕುಸ್ತಿ, ಜಿಗಿದು ಓಡುವಂಥವು ಆಗಿರಲಿ. ಪುಟಗಟ್ಟಲೆ ಓದಬೇಕಾದ, ಚಿಕ್ಕ ಚಿಕ್ಕ ಸಾಮಾನುಗಳ ಪಟ್ಟಿ ನೋಡಬೇಕಾದ ಆಟಗಳನ್ನು ಈ ಟಿವಿಗೆಂದು ಕೊಳ್ಳಬೇಡಿ.

## ಧ್ವನಿ

ಕೆಲವು ಟಿವಿಗಳಲ್ಲಿ ಹಳದಿ ಮತ್ತು ಬಿಳಿ ಎಂಬ ಎರಡೇ ಕಿಂಡಿಗಳಿರುತ್ತವೆ. ಬಿಳಿ ಮಾತ್ರ ಜೋಡಿಸಿದರೆ ಎಡಬದಿಯ ಧ್ವನಿಯಷ್ಟೇ ಕೇಳಿಸಿ, ಆಟದಲ್ಲಿ ಬಲಗಡೆಯಿಂದ ಬರುವ ಹೆಜ್ಜೆ ಸದ್ದು ತಪ್ಪಿಹೋಗುತ್ತದೆ. ಇದಕ್ಕೂ, ಚಿಕ್ಕ ಮನೆಯಲ್ಲಿ ಬೇರೆಯವರು ಮಲಗಿರುವಾಗ ಆಡುವುದಕ್ಕೂ ಒಂದೇ ಉಪಾಯ ಸಾಕಾಗುತ್ತದೆ. ಪ್ಲೇಸ್ಟೇಷನ್ 4ರ ಕಂಟ್ರೋಲರ್‌ನಲ್ಲಿ 3.5 ಮಿಲಿಮೀಟರ್ ಇಯರ್‌ಫೋನ್ ಕಿಂಡಿ ಇದೆ. ಮೊಬೈಲ್‌ನ ತಂತಿಯ ಇಯರ್‌ಫೋನ್ ಅದಕ್ಕೆ ಸಿಕ್ಕಿಸಿ, Settings > Devices > Audio Devices > Output to Headphones ಎಂಬಲ್ಲಿ All Audio ಆರಿಸಿದರೆ ಎರಡೂ ಬದಿಯ ಧ್ವನಿ ಕಿವಿಗೇ ಬರುತ್ತದೆ.

## ಚಿತ್ರ ಬಾರದಿದ್ದಾಗ

ದೋಷವನ್ನು ಅರ್ಧಕ್ಕೆ ಭಾಗ ಮಾಡಿ ಹುಡುಕಬೇಕು. ಕನ್ವರ್ಟರ್‌ನ ಪರದೆಯೂ ಕಾಣದಿದ್ದರೆ ತೊಂದರೆ ಟಿವಿಯ ಕಡೆಗಿದೆ: ಚಾರ್ಜರ್, ಹಳದಿ ಪಿನ್, ಇನ್ ಮತ್ತು ಔಟ್ ಅದಲುಬದಲು, ತಪ್ಪು ಎವಿ ಸಂಖ್ಯೆ. ಡಿವಿಡಿ ಪ್ಲೇಯರ್‌ನ ಚಿತ್ರ ಅದೇ ಕಿಂಡಿಗಳಲ್ಲಿ ಬಂದಿತ್ತಾದರೆ ಉಳಿಯುವುದು ಕನ್ವರ್ಟರ್ ಮತ್ತು ಕೇಬಲ್ ಮಾತ್ರ. ಕನ್ವರ್ಟರ್‌ನ ಪರದೆ ಕಾಣುತ್ತಿದ್ದು ಕನ್ಸೋಲ್ ಚಿತ್ರ ಬಾರದಿದ್ದರೆ ತೊಂದರೆ ಎಚ್‌ಡಿಎಂಐ ಕಡೆಗಿದೆ. ಕೇಬಲ್ ಕಿತ್ತು ಮತ್ತೆ ಹಾಕಿ. ಆಗಲೂ ಬಾರದಿದ್ದರೆ ಕನ್ಸೋಲನ್ನು ಪೂರ್ತಿ ಆಫ್ ಮಾಡಿ, ಪವರ್ ಗುಂಡಿಯನ್ನು ಎರಡನೆಯ ಬೀಪ್ ಕೇಳುವವರೆಗೆ, ಅಂದರೆ ಸುಮಾರು ಏಳು ಸೆಕೆಂಡು, ಒತ್ತಿ ಹಿಡಿಯಿರಿ. ಸೇಫ್ ಮೋಡ್ ತೆರೆಯುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, Change Resolution ಆರಿಸಿ. ಆ ಪಟ್ಟಿಯ ಉಳಿದ ಆಯ್ಕೆಗಳಲ್ಲಿ ಕೆಲವು ಇಡೀ ಕನ್ಸೋಲನ್ನು ಅಳಿಸಿಬಿಡುವುದರಿಂದ, ಅಕ್ಷರ ಮಸುಕಾಗಿದ್ದರೆ ಊಹೆಯ ಮೇಲೆ ಒತ್ತಬೇಡಿ.

ಹಳೆಯ ಎಲ್‌ಸಿಡಿ ಟಿವಿಗಳಲ್ಲಿ ಇನ್ನೊಂದು ವಿಚಿತ್ರ ಕಾಣಬಹುದು: ಹಳದಿ ಪಿನ್‌ಗೆ ಹಸಿರು ಬಣ್ಣದ ಕಿಂಡಿಯೇ ಹಂಚಿಕೆಯಾಗಿರುತ್ತದೆ. ಟಿವಿಯ ಮೂಲವನ್ನು ಕಾಂಪೊನೆಂಟ್ ಎಂದು ಆರಿಸಿದ್ದರೆ ಚಿತ್ರ ಕಪ್ಪು ಬಿಳುಪಾಗಿ ಬರುತ್ತದೆ, ಎವಿ ಎಂದು ಆರಿಸಿದರೆ ಬಣ್ಣ ಬರುತ್ತದೆ.

ಮುಂದೆ ಎಚ್‌ಡಿಎಂಐ ಇರುವ ಟಿವಿ ಮನೆಗೆ ಬಂದಾಗ ಕನ್ವರ್ಟರ್ ತೆಗೆದರಷ್ಟೇ ಸಾಲದು. ನಾವು ಬದಲಿಸಿದ ಆಯ್ಕೆಗಳು ಕನ್ಸೋಲ್‌ನಲ್ಲಿ ಹಾಗೆಯೇ ಉಳಿದಿರುತ್ತವೆ. Resolution ಅನ್ನು ಮತ್ತೆ Automatic ಮಾಡಿ, Enable HDCP ಗುರುತು ಹಾಕಿ, Display Area Settings ತೆರೆದು ಚಿತ್ರವನ್ನು ಪೂರ್ತಿ ಅಗಲಕ್ಕೆ ಹಿಗ್ಗಿಸಿ.